ಬಡಾವಣೆಯ ದಂತ ಕ್ಲಿನಿಕ್‌ಗೆ ವಾರದ ವೀಡಿಯೋ ಪಟ್ಟಿ: ರೋಗ ಹೇಳದೆ ವಿಷಯ ಹೇಳುವುದು ಹೇಗೆ?

ಕ್ಲಿನಿಕ್‌ನವರು ಮೊಬೈಲಿನಲ್ಲಿ ಚಿಕ್ಕ ವೀಡಿಯೋ ಮಾಡಲು ಶುರು ಮಾಡಿದ ಮೊದಲ ತಿಂಗಳು ಎಲ್ಲವೂ ಸಲೀಸು. ಹಲ್ಲುಜ್ಜುವುದು ಹೇಗೆ, ಬ್ರಷ್ ಯಾವಾಗ ಬದಲಿಸಬೇಕು, ಸಿಹಿ ತಿಂದ ಮೇಲೆ ಏನು ಮಾಡಬೇಕು ಎಂದು ಹೇಳಿ ಮುಗಿಸುತ್ತಾರೆ. ಎರಡನೇ ತಿಂಗಳಿಗೆ ಸರಕು ಖಾಲಿಯಾಗುತ್ತದೆ. ಆಗ ಹುಟ್ಟುವುದೇ ‘ನಿಮಗೆ ಈ ಲಕ್ಷಣ ಇದೆಯೇ? ಹಾಗಾದರೆ ಇದು ಆ ಕಾಯಿಲೆ’ ಎನ್ನುವ ವೀಡಿಯೋ. ಬೇಕೆಂದೇ ಯಾರೂ ಹಾಗೆ ಮಾಡುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಇವತ್ತೇನು ಹಾಕೋಣ ಎಂದು ಯೋಚಿಸಲು ಕೂತರೆ ಕೈಗೆ ಮೊದಲು ಸಿಗುವುದು ಲಕ್ಷಣಗಳೇ. ಅದಕ್ಕೆ ವಿಷಯಗಳ ಪಟ್ಟಿ ಮೊದಲೇ ಸಿದ್ಧವಿರಬೇಕು. ಗೆರೆ ದಾಟುವುದನ್ನು ಕ್ಯಾಮೆರಾ ಮುಂದೆ ತಡೆಯುವುದಕ್ಕಿಂತ ಪಟ್ಟಿ ಬರೆಯುವಾಗಲೇ ತಡೆಯುವುದು ಸುಲಭ.

ಮಾತಿಗೆ ಒಂದು ಆಧಾರವಿರಲಿ ಎಂದು ಕೋಲಾರದ ಕಡೆಯ ಒಂದು ಬಡಾವಣೆ ಕ್ಲಿನಿಕ್ ಎಂದುಕೊಳ್ಳೋಣ. ಒಬ್ಬರು ಡಾಕ್ಟರ್, ಒಬ್ಬ ಅಸಿಸ್ಟೆಂಟ್, ರಿಸೆಪ್ಷನ್‌ನಲ್ಲಿ ಒಬ್ಬ ಹುಡುಗಿ, ಒಂದು ಮೊಬೈಲ್. ಇಷ್ಟು ಸಾಕು.

ಹಂತ 1: ಜನ ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡಿ

ರಿಸೆಪ್ಷನ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಎರಡು ವಾರ ಯಾರು ಏನೇ ಕೇಳಲಿ, ಅವರ ಮಾತಿನಲ್ಲೇ ಬರೆಯಿರಿ. ಹೆಸರು ಬೇಡ, ಫೋನ್ ನಂಬರ್ ಬೇಡ, ಪ್ರಶ್ನೆ ಮಾತ್ರ. ‘ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡಿಲ ಆಗುತ್ತಂತೆ ಹೌದಾ?’, ‘ಹೇಗೂ ಬಿದ್ದೋಗೋ ಹಾಲು ಹಲ್ಲಿಗೆ ಯಾಕೆ ಸಿಮೆಂಟು?’, ‘ಮೇಲಿನ ಹಲ್ಲು ಕಿತ್ರೆ ಕಣ್ಣು ಮಂಜಾಗುತ್ತಾ?’, ‘ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ, ಏನದು?’, ‘ನಮ್ಮ ಬೋರ್ ನೀರಿಗೇ ಮಗುವಿನ ಹಲ್ಲು ಕಂದಾಗಿರೋದಾ?’

ಇದನ್ನು ಡಾಕ್ಟರ ಭಾಷೆಗೆ ತಿದ್ದಬೇಡಿ. ‘ದಂತ ಸಂವೇದನೆ’ ಎಂದು ಹೆಸರಿಟ್ಟ ವೀಡಿಯೋವನ್ನು ‘ಜುಮ್ ಅನ್ನುತ್ತೆ’ ಎನ್ನುವ ಮನೆಯವರು ತಮ್ಮದೆಂದು ಗುರುತಿಸುವುದೇ ಇಲ್ಲ.

ಹಂತ 2: ಮೂರು ಗುಂಪು ಮಾಡಿ

ಡಾಕ್ಟರು ಒಂದು ಮಧ್ಯಾಹ್ನ ಕೂತು ಪ್ರತಿ ಪ್ರಶ್ನೆಯ ಮುಂದೆಯೂ ಒಂದೇ ಮಾತು ಕೇಳಿಕೊಳ್ಳಬೇಕು: ಬಾಯಿ ನೋಡದೆ ಇದಕ್ಕೆ ಉತ್ತರ ಹೇಳಬಹುದೇ?

ಎಲ್ಲರಿಗೂ ಒಂದೇ ಉತ್ತರವಿದ್ದರೆ ಅದು ಮೊದಲ ಗುಂಪು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುವುದಿಲ್ಲ, ಇದು ಯಾರ ಬಾಯಿಗೂ ಬದಲಾಗದ ಮಾತು. ನೇರವಾಗಿ ವೀಡಿಯೋ ಮಾಡಿ. ಬಾಯಿಯಿಂದ ಬಾಯಿಗೆ ಉತ್ತರ ಬದಲಾಗುವುದಾದರೆ ಎರಡನೇ ಗುಂಪು. ಇದನ್ನು ಹಾಗೇ ಬಳಸುವಂತಿಲ್ಲ, ತಿರುಗಿಸಿಕೊಳ್ಳಬೇಕು. ಮುಖ ಊದಿಕೊಂಡಿದ್ದು, ಜ್ವರದ ಜೊತೆ ಹಲ್ಲುನೋವು, ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಇವು ಮೂರನೇ ಗುಂಪು. ಇಲ್ಲಿ ಕಾರಣ ವಿವರಿಸುವ ಅಗತ್ಯವೇ ಇಲ್ಲ. ‘ಕಾಯಬೇಡಿ, ತೋರಿಸಿ’ ಎಂದರೆ ಮುಗಿಯಿತು.

ಎರಡನೇ ಗುಂಪನ್ನು ತಿರುಗಿಸುವುದೇ ಈ ಕೆಲಸದ ಕೈಚಳಕ. ಕಂದು ಹಲ್ಲಿನ ಪ್ರಶ್ನೆಯನ್ನೇ ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ ಎಂಬುದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಆದರೆ ಕಂದು ಕಲೆ ಹುಳುಕಿನಿಂದಲೂ ಬರಬಹುದು, ಚಹಾದಿಂದಲೂ ಬರಬಹುದು, ತಂಬಾಕಿನಿಂದಲೂ ಬರಬಹುದು. ‘ಕಂದು ಕಲೆ ಇದ್ದರೆ ಅದು ಫ್ಲೋರೋಸಿಸ್’ ಎಂದು ವೀಡಿಯೋ ಹಾಕಿದರೆ ಹುಳುಕು ಹತ್ತಿದ ಮಗುವಿನ ತಾಯಿ ‘ಓ, ಇದು ನೀರಿನದ್ದು’ ಎಂದು ಸುಮ್ಮನಾಗುತ್ತಾಳೆ. ಅದೇ ವಿಷಯವನ್ನು ‘ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?’ ಎಂದು ತಿರುಗಿಸಿ. ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಹಾಗಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ಆರ್‌ಒ ಫಿಲ್ಟರ್ ಅದನ್ನು ಬಹುಪಾಲು ತೆಗೆಯುತ್ತದೆ. ಇದು ಎಲ್ಲ ಮನೆಗೂ ಒಂದೇ ಉತ್ತರ, ಯಾರ ಹಲ್ಲಿನ ಬಗ್ಗೆಯೂ ತೀರ್ಪು ಕೊಟ್ಟಂತಾಗಲಿಲ್ಲ.

ಇಲ್ಲೊಂದು ಎಚ್ಚರ. ಸಾರ್ವತ್ರಿಕ ಎನಿಸುವ ಕೆಲವು ಮಾತುಗಳೂ ಊರಿಗೆ ತಕ್ಕಂತೆ ಬದಲಾಗುತ್ತವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಎನ್ನುವುದು ಸಾಮಾನ್ಯ ಸಲಹೆ. ನೀರಿನಲ್ಲೇ ಫ್ಲೋರೈಡ್ ತುಂಬಿರುವ ಊರಿನಲ್ಲಿ ಇದನ್ನು ಹೇಳುವ ಮೊದಲು ಡಾಕ್ಟರು ಒಮ್ಮೆ ಯೋಚಿಸಬೇಕು. ಬೇರೆ ಊರಿನ ಚಾನೆಲ್‌ನಿಂದ ವಿಷಯ ಎತ್ತಿಕೊಂಡರೆ ಹೀಗೇ ಎಡವುವುದು.

ಹಂತ 3: ವಾರಕ್ಕೆ ಮೂರು ದಿನ ಗೊತ್ತು ಮಾಡಿ

ದಿನಕ್ಕೊಂದು ವೀಡಿಯೋ ಎಂಬ ಹುಮ್ಮಸ್ಸು ಚಿಕ್ಕ ಕ್ಲಿನಿಕ್‌ಗೆ ಒಗ್ಗುವುದಿಲ್ಲ. ಮೂರು ಸಾಕು, ಆದರೆ ಪ್ರತಿ ದಿನಕ್ಕೂ ಒಂದು ಬಗೆ ಖಾಯಂ ಆಗಿರಲಿ. ಸೋಮವಾರ ಮನೆಯಲ್ಲಿ ಮಾಡುವ ಆರೈಕೆ, ಬುಧವಾರ ಡಾಕ್ಟರ ಚೇರಿನಲ್ಲಿ ನಡೆಯುವುದು, ಶನಿವಾರ ಮಕ್ಕಳದ್ದು ಅಥವಾ ಹಿರಿಯರದ್ದು. ಈ ಮೂರೂ ಬಗೆಗಳಲ್ಲಿ ‘ಲಕ್ಷಣ’ ಎಂಬ ಖಾನೆಯೇ ಇಲ್ಲದಿರುವುದನ್ನು ಗಮನಿಸಿ. ಬೇಕೆಂದೇ ಬಿಟ್ಟಿದ್ದು.

ಕೋಲಾರದ ಕ್ಲಿನಿಕ್‌ನ ಮೊದಲ ವಾರ ಹೀಗಿರಬಹುದು:

ಸೋಮವಾರ: ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?
ಬುಧವಾರ: ಕ್ಲೀನಿಂಗ್ ಮೆಷಿನ್ ಹಲ್ಲಿನಿಂದ ಏನನ್ನು ತೆಗೆಯುತ್ತದೆ?
ಶನಿವಾರ: ಆರನೇ ವರ್ಷಕ್ಕೆ ಬರುವ ದವಡೆ ಹಲ್ಲು ಹಾಲು ಹಲ್ಲಲ್ಲ.

ಬುಧವಾರದ್ದರಲ್ಲಿ ಮೆಷಿನ್ ಕಂಪಿಸಿ ಗಟ್ಟಿ ಕಟ್ಟಿದ ಪಾಚಿಯನ್ನು ಉದುರಿಸುತ್ತದೆ, ಪಾಚಿ ತುಂಬಿದ್ದ ಜಾಗ ಖಾಲಿಯಾದಾಗ ನಾಲಿಗೆಗೆ ಸಂದು ಸಿಕ್ಕಿದಂತಾಗುತ್ತದೆ ಎಂದಷ್ಟೇ ಹೇಳಿ. ‘ನಿಮ್ಮ ಹಲ್ಲು ಸಡಿಲವಾಗುವುದಿಲ್ಲ’ ಎಂದು ಭರವಸೆ ಕೊಡಬೇಡಿ. ನೋಡುವವರಲ್ಲಿ ವಸಡಿನ ತೊಂದರೆಯಿಂದ ಆಗಲೇ ಹಲ್ಲು ಅಲುಗುತ್ತಿರುವವರೂ ಇರುತ್ತಾರೆ.

ಶನಿವಾರದ್ದು ನನ್ನ ಪ್ರಕಾರ ಬಡಾವಣೆ ಕ್ಲಿನಿಕ್ ಮಾಡಬಹುದಾದ ಅತಿ ಉಪಯುಕ್ತ ವೀಡಿಯೋ. ಹಾಲು ಹಲ್ಲು ಒಟ್ಟು ಇಪ್ಪತ್ತು, ಅಂದರೆ ಒಂದು ದವಡೆಯ ಒಂದು ಪಕ್ಕಕ್ಕೆ ಐದು. ಆರನೇ ವರ್ಷದ ಹೊತ್ತಿಗೆ ಅವುಗಳ ಹಿಂದೆ ಇನ್ನೊಂದು ದೊಡ್ಡ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳದ ಕಾರಣ ಅದೂ ಹಾಲು ಹಲ್ಲೇ ಎಂದು ಮನೆಯವರು ತಿಳಿಯುತ್ತಾರೆ. ಮಾದರಿ ದವಡೆಯ ಮೇಲೆ ಮಧ್ಯದಿಂದ ಬೆರಳಿಟ್ಟು ಒಂದು, ಎರಡು ಎಂದು ಎಣಿಸುತ್ತ ಹೋಗಿ ಆರನೆಯದರ ಮೇಲೆ ನಿಲ್ಲಿಸಿದರೆ ಮಾತೇ ಬೇಕಿಲ್ಲ.

ಮುಂದಿನ ಮೂರು ವಾರಕ್ಕೂ ಇದೇ ಅಚ್ಚು. ರಾತ್ರಿ ಸೆಟ್ ಹಲ್ಲು ತೆಗೆದು ನೀರಿನಲ್ಲಿಡುವುದು, ರೂಟ್ ಕೆನಾಲ್ ಆದ ಮೇಲೆ ಕ್ಯಾಪ್ ಹಾಕುವುದೇಕೆ, ಎಕ್ಸ್‌ರೇಯಲ್ಲಿ ಏನು ಕಾಣುತ್ತದೆ ಏನು ಕಾಣುವುದಿಲ್ಲ, ಆಟವಾಡುವಾಗ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರಿನ ಭಾಗ ಮುಟ್ಟದೆ, ಉಜ್ಜದೆ, ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ತರುವುದು. ಈ ಕೊನೆಯದನ್ನು ಶಾಲೆಯ ಕ್ರೀಡಾಕೂಟದ ವಾರಕ್ಕೆ ಇಟ್ಟುಕೊಳ್ಳಿ. ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ, ಮೇ 31 ತಂಬಾಕು ರಹಿತ ದಿನ. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ.

ಹಂತ 4: ಮಾತು ಬರೆದುಕೊಳ್ಳಿ

ನಲವತ್ತು ಸೆಕೆಂಡಿನ ವೀಡಿಯೋಗೆ ಅರವತ್ತು ಪದದ ಆಸುಪಾಸು ಸಾಕು. ಎರಡನೇ ಗುಂಪಿನ ಅತಿ ಕಷ್ಟದ ಪ್ರಶ್ನೆ ‘ಜುಮ್’. ಅದಕ್ಕೆ ಬುಧವಾರದ ಬಗೆಯಲ್ಲಿ, ಅಂದರೆ ಡಾಕ್ಟರ್ ಏನು ಕೇಳುತ್ತಾರೆ ಎಂಬಂತೆ, ಬರೆದ ಮಾತು ಇದು:

‘ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನುತ್ತೆ ಅಂತ ತುಂಬಾ ಜನ ಬರ್ತಾರೆ. ಇದಕ್ಕೆ ಒಂದೇ ಕಾರಣ ಇರಲ್ಲ. ಅದಕ್ಕೇ ನಾವು ನಾಲ್ಕು ಪ್ರಶ್ನೆ ಕೇಳ್ತೀವಿ. ಒಂದೇ ಹಲ್ಲೋ, ಸುಮಾರು ಹಲ್ಲುಗಳೋ? ತಕ್ಷಣ ನಿಲ್ಲುತ್ತೋ, ಸ್ವಲ್ಪ ಹೊತ್ತು ಇರುತ್ತೋ? ಬಿಸಿಗೂ ಆಗುತ್ತೋ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತೋ? ಇದನ್ನ ಗಮನಿಸಿ ಬರೆದಿಟ್ಕೊಂಡು ಬನ್ನಿ, ನೋಡೋದು ಸುಲಭ ಆಗುತ್ತೆ. ಮುಖ ಊದಿದ್ರೆ, ಜ್ವರ ಇದ್ರೆ ಮಾತ್ರ ಕಾಯಬೇಡಿ, ಅವತ್ತೇ ಬನ್ನಿ.’

ಒಂದೊಂದು ಉತ್ತರಕ್ಕೂ ಏನರ್ಥ ಎಂದು ಹೇಳಲು ಡಾಕ್ಟರಿಗೆ ನಾಲಿಗೆ ತುದಿಯಲ್ಲೇ ಇರುತ್ತದೆ. ಹೇಳಬಾರದು. ‘ಬಿಸಿಗೆ ಹೆಚ್ಚು ಹೊತ್ತು ನೋವು ಉಳಿದರೆ ಹೀಗೆ’ ಎಂದ ಕೂಡಲೇ ನೋಡಿದವರು ತಮಗೆ ತಾವೇ ರೂಟ್ ಕೆನಾಲ್ ಬರೆದುಕೊಂಡುಬಿಡುತ್ತಾರೆ, ಅಥವಾ ಬಿಸಿಗೆ ಏನೂ ಆಗುತ್ತಿಲ್ಲವೆಂದು ಮನೆಯಲ್ಲೇ ಕೂರುತ್ತಾರೆ. ಮಾತ್ರೆಯ ಹೆಸರೂ ಬೇಡ. ಭಾರತೀಯ ದಂತ ಪರಿಷತ್ತಿನ 2014ರ ನೀತಿ ಸಂಹಿತೆ ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ಒಪ್ಪುವುದಿಲ್ಲ. ಆದ್ದರಿಂದ ‘ಈ ವಾರ ಅರ್ಧ ರೇಟು’, ‘ನೋವೇ ಇಲ್ಲದ ಚಿಕಿತ್ಸೆ’ ಎಂಬ ಬಾಲವನ್ನೂ ಸೇರಿಸಬೇಡಿ.

ಹಂತ 5: ಒಂದೇ ಸಲಕ್ಕೆ ಚಿತ್ರೀಕರಿಸಿ

ಮಧ್ಯಾಹ್ನ ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ವಾರದ ಮೂರನ್ನೂ ಮುಗಿಸಿ. ಫೋನನ್ನು ನೆಟ್ಟಗೆ ಹಿಡಿದು ಸ್ಟ್ಯಾಂಡಿಗೆ ಸಿಕ್ಕಿಸಿ, ಫ್ಯಾನ್ ಮತ್ತು ಕಂಪ್ರೆಸರ್ ನಿಲ್ಲಿಸಿ. ಮಾತು ಕೇಳದಿರಲು ಮುಖ್ಯ ಕಾರಣ ಅವೆರಡೇ. ಹಿನ್ನೆಲೆಯಲ್ಲಿ ಕಂಪ್ಯೂಟರ್ ಪರದೆ, ಅಪಾಯಿಂಟ್‌ಮೆಂಟ್ ಪುಸ್ತಕ, ಮೂಲೆಯಲ್ಲಿ ಹೆಸರಿರುವ ಎಕ್ಸ್‌ರೇ ಕಾಣದಂತೆ ನೋಡಿಕೊಳ್ಳಿ. ರೋಗಿಯ ಬಾಯಿಯ ಬದಲು ಮಾದರಿ ದವಡೆ ಬಳಸಿ. ಸೌಂಡ್ ಹಾಕದೆ ನೋಡುವವರು ಬಹಳ, ಹಾಗಾಗಿ ಕನ್ನಡದಲ್ಲಿ ಅಕ್ಷರವೂ ಬರಲಿ.

ಹಂತ 6: ಗೆರೆ ದಾಟಿದ್ದು ತಿಳಿಯುವುದು ಹೇಗೆ?

ವೀಡಿಯೋ ಹಾಕಿದ ಮೇಲೆ ಯಾರಾದರೂ ಬಾಯಿಯ ಫೋಟೋ ಕಳಿಸಿ ‘ಇದೇನು ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಬರೆದಿಟ್ಟುಕೊಳ್ಳಿ: ‘ಫೋಟೋ ನೋಡಿ ಹೇಳುವುದು ಸರಿಯಲ್ಲ. ನಿಮಗೆ ಹತ್ತಿರವಿರುವ ದಂತ ವೈದ್ಯರಿಗೆ ತೋರಿಸಿ. ಊತ ಅಥವಾ ಜ್ವರ ಇದ್ದರೆ ಇವತ್ತೇ.’ ರಿಸೆಪ್ಷನ್ ಹುಡುಗಿಯೂ ಇದನ್ನೇ ಕಳಿಸಲಿ, ಒಂದಕ್ಷರ ಹೆಚ್ಚು ಬೇಡ.

ಎಷ್ಟು ಜನ ನೋಡಿದರು ಎಂಬ ಲೆಕ್ಕಕ್ಕಿಂತ ಕ್ಲಿನಿಕ್‌ಗೆ ಬಂದವರ ಮಾತು ಹೆಚ್ಚು ಹೇಳುತ್ತದೆ. ‘ನಿಮ್ಮ ವೀಡಿಯೋದಲ್ಲಿ ಹೇಳಿದ್ದೇ ನನಗಿರೋದು’ ಎಂದು ಯಾರಾದರೂ ಬಂದರೆ ಆ ವೀಡಿಯೋ ರೋಗ ನಿರ್ಣಯ ಮಾಡಿದೆ ಎಂದೇ ಅರ್ಥ. ತೆಗೆದುಹಾಕಿ, ಪ್ರಶ್ನೆಯನ್ನು ಮತ್ತೆ ತಿರುಗಿಸಿ ಬರೆಯಿರಿ. ‘ನೀವು ಕೇಳಿದ ನಾಲ್ಕು ಪ್ರಶ್ನೆಗೆ ಉತ್ತರ ಬರ್ಕೊಂಡು ಬಂದಿದೀನಿ’ ಎಂದು ಚೀಟಿ ತೆಗೆದರೆ ವೀಡಿಯೋ ತನ್ನ ಕೆಲಸ ಮಾಡಿದೆ.

ನಾಲ್ಕು ವಾರದ ಹನ್ನೆರಡು ವೀಡಿಯೋ ಆದ ಮೇಲೆ ಹೊಸದನ್ನೇ ಹುಡುಕಬೇಕೆಂದಿಲ್ಲ. ಮೂರು ತಿಂಗಳು ಬಿಟ್ಟು ಅದೇ ವಿಷಯವನ್ನು ಮತ್ತೆ ಹಾಕಬಹುದು. ಬಡಾವಣೆಯ ಯಾವುದೋ ಮನೆಯಲ್ಲಿ ಪ್ರತಿ ವಾರವೂ ಒಂದು ಮಗುವಿಗೆ ಆರು ವರ್ಷ ತುಂಬುತ್ತಲೇ ಇರುತ್ತದೆ.