ಒಡಂಬಡಿಕೆಯ ಹಾಳೆ

ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಕುಮಟೆಗೆ ಸುಮಾರು 20. ಹೊನ್ನಾವರದ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಕಗ್ಗ ಭತ್ತವನ್ನು ಕುರಿತು ಕೂಡಿ ವರದಿ ಬರೆಯಬೇಕಾಗಿದೆ ಎಂದು ಭಾವಿಸೋಣ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಭತ್ತವಿದು. ಜುಲೈ ಮೊದಲ ವಾರದಿಂದ 16 ವಾರಗಳ ಅವಧಿ ಅವರ ಕೈಯಲ್ಲಿದೆ.

ನಾಲ್ವರ ದಿನಚರಿಯೂ ಬೇರೆ ಬೇರೆ. ಭಟ್ಕಳದ ಹುಡುಗಿ ನಸುಕಿನಲ್ಲಿ ಮನೆಯವರೊಡನೆ ಮಲ್ಲಿಗೆಯ ಮೊಗ್ಗು ಕೊಯ್ದು, ಅನಂತರ ರೈಲು ಹಿಡಿಯಬೇಕು. ಕುಮಟೆಯ ಹುಡುಗನ ಮನೆ ಗಜನಿಗೆ ಹತ್ತಿರ. ಅವನಿಗೆ ಬಿಡುವೂ ಹೆಚ್ಚು. ಹೊನ್ನಾವರದ ಹುಡುಗಿ ಸಂಜೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಅವಳಿಗೆ ಭಾನುವಾರವಲ್ಲದೆ ಬಿಡುವಿಲ್ಲ. ನಾಲ್ಕನೆಯವನು ಮೀನುಗಾರರ ಮನೆಯವನು. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜುಲೈ 31ರವರೆಗೆ ಅವನು ನಿರಾಳ. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದವೆಂದರೆ ಬೆಳಗಿನ ಹೊತ್ತು ಬಂದರಿನಲ್ಲಿಯೇ ಕಳೆಯುತ್ತದೆ.

ಇಂತಹ ತಂಡಗಳು ಸಾಮಾನ್ಯವಾಗಿ ಮೊದಲು ಕೆಲಸವನ್ನು ನಾಲ್ಕು ಪಾಲು ಮಾಡಿಕೊಳ್ಳುತ್ತವೆ. ಇವರು ಮೊದಲು ತಮ್ಮ ಬಿಡುವನ್ನು ಬರೆದರು. ವಾರಕ್ಕೆ ಭಟ್ಕಳದವಳದು 3 ಗಂಟೆ, ಕುಮಟೆಯವನದು 5, ಅಂಗಡಿಯವಳದು 2, ಮೀನುಗಾರರ ಹುಡುಗನದು ಜುಲೈಯಲ್ಲಿ 6, ಅನಂತರ 2. ಹದಿನಾರು ವಾರಗಳಿಗೆ ಕ್ರಮವಾಗಿ 48, 80, 32 ಮತ್ತು 48 ಗಂಟೆಗಳಾದವು. ಜ್ವರ, ಮಳೆ, ಪರೀಕ್ಷೆಗಳಿಗೆಂದು ಕಾಲುಭಾಗವನ್ನು ತೆಗೆದಿರಿಸಿದರೆ ಉಳಿದುದು 36, 60, 24 ಮತ್ತು 36, ಒಟ್ಟು 156.

ಇಲ್ಲಿ ಒಂದು ಪ್ರಶ್ನೆ ಎದ್ದಿತು. 156 ಗಂಟೆಯ ಕೆಲಸವನ್ನು ಹಮ್ಮಿಕೊಂಡರೆ ಕುಮಟೆಯವನು 60 ಗಂಟೆ ದುಡಿಯಬೇಕು. ಬಿಡುವಿದೆಯೆಂಬುದೇ ಹೆಚ್ಚು ಹೊರೆಗೆ ಕಾರಣವಾಗಬೇಕೆ? ಹಾಗೆ ಹೊರಿಸಿದಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಅವನು ಬೇಸತ್ತು ಮೌನವಾಗುತ್ತಾನೆ. ತಂಡ ಒಡೆಯುವುದು ಬಹುಮಟ್ಟಿಗೆ ಅಲ್ಲಿಯೇ. ಆದುದರಿಂದ ಅವರು ಹೊರೆಯನ್ನು ಹೆಚ್ಚಿಸದೆ ಕೆಲಸವನ್ನೇ ಕಿರಿದುಗೊಳಿಸಿದರು. ಮೂರು ಹಳ್ಳಿಗಳ ಬದಲು ಎರಡನ್ನು ಆರಿಸಿಕೊಂಡರು. ಕುಮಟೆಯವನ ಪಾಲು 40ಕ್ಕೆ ಇಳಿದು ಒಟ್ಟು 136 ಗಂಟೆಯಾಯಿತು. ಪಾಲು ಇನ್ನೂ ಸಮವಲ್ಲ. ಯಾರು ಯಾವ ಕೆಲಸ ಮಾಡಿದರೆಂಬುದನ್ನು ವರದಿಯ ಕೊನೆಯ ಪುಟದಲ್ಲಿ ಇದ್ದಂತೆಯೇ ಬರೆಯುವುದೆಂದು ಒಪ್ಪಿದರು. ಮೀನುಗಾರರ ಹುಡುಗನಿಗೆ ರೈತರ ಭೇಟಿಯ ಕೆಲಸವನ್ನು ಜುಲೈಯಲ್ಲಿಯೇ ವಹಿಸಿದರು.

ಆಮೇಲೆ ನಿಯಮಗಳು. "ಎಲ್ಲರೂ ಹೊಣೆಯರಿತು ನಡೆಯಬೇಕು" ಎಂದು ಒಬ್ಬರು ಸೂಚಿಸಿದಾಗ, "ಅದು ಮುರಿದುದು ತಿಳಿಯುವುದು ಹೇಗೆ?" ಎಂದು ಅಂಗಡಿಯ ಹುಡುಗಿ ಕೇಳಿದಳು. ಮುರಿದುದು ಕಣ್ಣಿಗೆ ಕಾಣುವಂತಹ ನಾಲ್ಕು ನಿಯಮಗಳು ಮಾತ್ರ ಹಾಳೆಯಲ್ಲಿ ಉಳಿದವು:

1. ಶನಿವಾರ ತರಗತಿ ಮುಗಿದ ಮೇಲೆ 40 ನಿಮಿಷಗಳ ಸಭೆ. ಮೂವರಿದ್ದರೆ ತೀರ್ಮಾನ ಕೈಗೊಳ್ಳಬಹುದು. ತೀರ್ಮಾನವನ್ನು ಅಂದೇ ಬರೆದು ಬಾರದವರಿಗೆ ತಿಳಿಸಬೇಕು. ಎರಡು ದಿನಗಳಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯೆಂದೇ ಅರ್ಥ.

2. ವಾರದ ಕೆಲಸವನ್ನು ಗುರುವಾರ ರಾತ್ರಿಯೊಳಗೆ ಒಪ್ಪಿಸಬೇಕು. ಅರ್ಧವಾಗಿದ್ದರೆ ಅರ್ಧವನ್ನೇ ಒಪ್ಪಿಸಬೇಕು.

3. ಆಗದೆಂದು ತೋರಿದರೆ ಒಂದು ದಿನ ಮೊದಲೇ ತಿಳಿಸಬೇಕು. ಕಾರಣ ಹೇಳಬೇಕೆಂಬ ಕಡ್ಡಾಯವಿಲ್ಲ.

4. ತಿಳಿಸದೆ ಒಮ್ಮೆ ತಪ್ಪಿದರೆ ಒಬ್ಬರು ಏಕಾಂತದಲ್ಲಿ ವಿಚಾರಿಸಬೇಕು. ಎರಡನೆಯ ಸಲ ಸಭೆಯಲ್ಲಿ ಕೆಲಸವನ್ನು ಮರುಹಂಚಬೇಕು. ಮೂರನೆಯ ಸಲ ಅಧ್ಯಾಪಕರ ಗಮನಕ್ಕೆ ತರಬೇಕು.

ಆಗಸ್ಟಿನಲ್ಲಿ ಹಾಳೆಯ ಪರೀಕ್ಷೆಯಾಯಿತು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಅದೂ ಭಾರಿ ಮಳೆಯಲ್ಲಿ ಏರುಪೇರಾಗುತ್ತದೆ. ಭಟ್ಕಳದ ಹುಡುಗಿ ಎರಡು ಶನಿವಾರ ಬರಲಾಗಲಿಲ್ಲ. ಆದರೆ ಬರವಣಿಗೆ ಗುರುವಾರವೇ ಬಂದಿತ್ತು, ಕೆಲಸ ನಿಲ್ಲಲಿಲ್ಲ. ಮೀನುಗಾರರ ಹುಡುಗನಾದರೋ ಎಲ್ಲ ಸಭೆಗಳಿಗೂ ಬಂದನು, ಆದರೆ ಎರಡು ಗುರುವಾರ ಏನನ್ನೂ ಒಪ್ಪಿಸಲಿಲ್ಲ, ತಿಳಿಸಲೂ ಇಲ್ಲ. ಹಾಜರಿಯನ್ನಷ್ಟೇ ಎಣಿಸಿದ್ದರೆ ತಪ್ಪು ಭಟ್ಕಳದವಳದೆಂದು ತೋರುತ್ತಿತ್ತು.

ಮೊದಲ ಸಲ ಕುಮಟೆಯವನು ಏಕಾಂತದಲ್ಲಿ ವಿಚಾರಿಸಿದಾಗ ಅವನು "ಮುಂದಿನ ವಾರ ಕೊಡುತ್ತೇನೆ ಮಾರಾಯ" ಎಂದಷ್ಟೇ ಹೇಳಿದ್ದನು. ಎರಡನೆಯ ಸಲ ಸಭೆಯಲ್ಲಿ ನಿಜ ಹೊರಬಿತ್ತು: ದೋಣಿಗಳು ಬರುವ ಹೊತ್ತನ್ನು ಮುನ್ನಾದಿನ ಹೇಳಲಾಗದು, ಮೂರನೆಯ ನಿಯಮವನ್ನು ಪಾಲಿಸಲು ಅವನಿಂದ ಸಾಧ್ಯವೇ ಇರಲಿಲ್ಲ. ಅವನ ಬಿಡುವು ಕಡಿಮೆಯಾಗುವುದನ್ನು ತಂಡ ಎಣಿಸಿತ್ತು. ಅದು ಯಾವಾಗ ಸಿಗುವುದೆಂಬುದನ್ನು ಎಣಿಸಿರಲಿಲ್ಲ. ಅವನ ಒಂದು ಪಾಲನ್ನು ಮರುಹಂಚಿ, ಉಳಿದುದನ್ನು ವಾರಕ್ಕೊಮ್ಮೆಯ ಬದಲು ತಿಂಗಳ ಕೊನೆಗೆ ಒಟ್ಟಾಗಿ ಒಪ್ಪಿಸಲು ಅವಕಾಶ ಕೊಟ್ಟರು. ಹಾಳೆಯಲ್ಲಿ ಹಳೆಯ ಸಾಲನ್ನು ಹೊಡೆದು, ಹೊಸದನ್ನು ದಿನಾಂಕದೊಡನೆ ಬರೆದು, ನಾಲ್ವರೂ ಮತ್ತೊಮ್ಮೆ ಸಹಿ ಮಾಡಿದರು.

ಅಕ್ಟೋಬರಿನಲ್ಲಿ ವರದಿ ಮುಗಿದಾಗ ಆ ಹಾಳೆಯಲ್ಲಿ ಹೊಡೆದ ಸಾಲುಗಳು ಮೂರು ಇದ್ದವು. ಅದನ್ನು ಅವರು ವರದಿಯ ಕೊನೆಯ ಪುಟಕ್ಕೆ ಹಾಗೆಯೇ ಲಗತ್ತಿಸಿದರು.