ವಾಕಿಂಗಿಗೆ ಮೊದಲು ಬಿಸಿಲು ಬರಲಿ

ಪ್ರಶ್ನೆ: ಚೆಂಬೂರಿನಲ್ಲಿದ್ದೇವೆ. ಅಸ್ತಮಾ ಇರುವ ನಮ್ಮ ತಂದೆ ಬೆಳಿಗ್ಗೆ 6ಕ್ಕೆ ವಾಕಿಂಗ್ ಹೋಗುತ್ತಾರೆ. ಜನವರಿಯಲ್ಲಿ ಕೆಮ್ಮು ಹೆಚ್ಚಿದೆ. ಆ ಹೊತ್ತಿನ ಗಾಳಿ ಶುದ್ಧವಲ್ಲವೇ?

ಉತ್ತರ: ಚಳಿಗಾಲದಲ್ಲಿ ಅಲ್ಲ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ಮೇಲಿನ ಪದರ ಅದಕ್ಕಿಂತ ಬೆಚ್ಚಗಿದ್ದು, ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ರಾತ್ರಿ ನೆಲದಿಂದ ಕಡಲಿನತ್ತ ಬೀಸುವ ಗಾಳಿಯೂ ಮಂದ. ಹೀಗಾಗಿ ಲಾರಿಗಳ ಹೊಗೆ, ಕಸ ಸುಟ್ಟ ಹೊಗೆ, ಕಟ್ಟಡದ ಧೂಳು ಎಲ್ಲವೂ ನಾವು ಉಸಿರಾಡುವ ಎತ್ತರದಲ್ಲೇ ಉಳಿಯುತ್ತವೆ. ಮೇಲೇಳುವ ಹೊಗೆ ಸ್ವಲ್ಪ ಎತ್ತರದಲ್ಲಿ ನಿಂತು ಅಡ್ಡಕ್ಕೆ ಹರಡಿದರೆ, ಮುಚ್ಚಳ ಇದೆ ಎಂದೇ ತಿಳಿಯಿರಿ.

ಬಿಸಿಲು ನೆಲವನ್ನು ಕಾಯಿಸಿದ ಮೇಲೆ ಈ ಪದರ ಒಡೆಯುತ್ತದೆ. ಬಳಿಕ ಕಡಲಗಾಳಿ ಬಂದು ಹೊಗೆಯನ್ನು ಚದುರಿಸುತ್ತದೆ. ಆದ್ದರಿಂದ ತಂದೆಯವರ ವಾಕಿಂಗನ್ನು ಸಂಜೆ 4–5ಕ್ಕೆ, ಮುಖ್ಯರಸ್ತೆಯಿಂದ ದೂರಕ್ಕೆ ಬದಲಿಸಿ. ಕಿಟಕಿಗಳನ್ನು ಬೆಳಗಿನ ಜಾವ ಮುಚ್ಚಿ, ಮಧ್ಯಾಹ್ನ ತೆರೆಯಿರಿ.

ಮೊಬೈಲಿನ ಎಕ್ಯೂಐ ಅಂಕಿ ಹಲವು ಸಲ 24 ಗಂಟೆಗಳ ಸರಾಸರಿ. ಮುಂಜಾನೆಯ ಏರಿಕೆ ಅದರಲ್ಲಿ ಮರೆಯಾಗಬಹುದು. ಹತ್ತಿರದ ಕೇಂದ್ರದ ಗಂಟೆವಾರು ಪಿಎಂ 2.5 ನೋಡಿ. ಬಟ್ಟೆಯ ಮಾಸ್ಕ್ ಈ ಸೂಕ್ಷ್ಮ ಕಣಗಳನ್ನು ಸರಿಯಾಗಿ ತಡೆಯದು. ಹೊರಹೋಗಲೇಬೇಕಾದರೆ ಬಿಗಿಯಾಗಿ ಕೂರುವ ಎನ್95 ಇರಲಿ. ಸಮಯ ಬದಲಿಸಿದರೂ ಕೆಮ್ಮು ಇಳಿಯದಿದ್ದರೆ, ಉಬ್ಬಸ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ.