ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಕಾರ್ಡಿನ ಸಾಲ ತೀರಲು ಎಷ್ಟು ತಿಂಗಳು?

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಪಾವತಿ. ಕನಿಷ್ಠ ಪಾವತಿ ಮಾಡಿದರೆ ತಡ ಪಾವತಿಯ ದಂಡ ಬೀಳುವುದಿಲ್ಲ. ಆದರೆ ಉಳಿದ ಬಾಕಿಗೆ ಬಡ್ಡಿ ಓಡುತ್ತಲೇ ಇರುತ್ತದೆ.

ಒಂದು ಲೆಕ್ಕ ನೋಡೋಣ. ಬಾಕಿ 40,000 ರೂಪಾಯಿ. ಬಡ್ಡಿ ತಿಂಗಳಿಗೆ ಶೇ. 3.5, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಕನಿಷ್ಠ ಪಾವತಿ ಎಂದರೆ ಬಾಕಿಯ ಶೇ. 5 ಮತ್ತು ಆ ತಿಂಗಳ ಜಿಎಸ್‌ಟಿ, ಶೇ. 5ರ ಭಾಗ 200 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಹೊಸ ಖರೀದಿ ಇಲ್ಲ ಎಂದುಕೊಳ್ಳೋಣ. ನಿಜವಾದ ಬಿಲ್ಲಿನಲ್ಲಿ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಇಲ್ಲಿ ಸುಲಭಕ್ಕಾಗಿ ತಿಂಗಳ ಲೆಕ್ಕ ಹಿಡಿದಿದ್ದೇನೆ.

ಮೊದಲ ತಿಂಗಳು 2,000 ಕಟ್ಟಿದರೆ 38,000 ಉಳಿಯುತ್ತದೆ. ಅದಕ್ಕೆ ಬಡ್ಡಿ 1,330. ಮುಂದಿನ ಬಿಲ್ಲಿನ ಬಾಕಿ 39,330, ಜೊತೆಗೆ 239.40 ಜಿಎಸ್‌ಟಿ. ಅಂದರೆ 2,000 ಕಟ್ಟಿದರೂ ಸಾಲ ಇಳಿದದ್ದು 670 ರೂಪಾಯಿ ಮಾತ್ರ.

ಪ್ರತಿ ತಿಂಗಳೂ ಬಾಕಿ 0.95 × 1.035 = 0.98325 ಪಟ್ಟು ಆಗುತ್ತದೆ, ಅಂದರೆ ಶೇ. 1.7ರಷ್ಟೂ ಇಳಿಯುವುದಿಲ್ಲ. ಈ ವೇಗದಲ್ಲಿ ಸಾಲ ಅರ್ಧ ಆಗುವುದಕ್ಕೇ 41 ತಿಂಗಳು ಬೇಕು. ಪೂರ್ತಿ ತೀರಲು 170 ತಿಂಗಳು, ಅಂದರೆ 14 ವರ್ಷ 2 ತಿಂಗಳು! ಅಷ್ಟರಲ್ಲಿ ಕಟ್ಟಿದ ಒಟ್ಟು ಹಣ ಸುಮಾರು 1,27,000 ರೂಪಾಯಿ.

ಇಷ್ಟು ಉದ್ದ ಏಕೆ? ಬಡ್ಡಿ ದರ ಹೆಚ್ಚು ಎಂಬುದು ಅರ್ಧ ಕಾರಣ. ಉಳಿದ ಅರ್ಧ ನಮಗೆ ಸವಕಳಿ ಪಾಠದಿಂದ ಗೊತ್ತು. ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಶೇಕಡಾವಾರು ಕಳೆಯುತ್ತಾ ಹೋದರೆ ಮೌಲ್ಯ ಎಂದೂ ಸೊನ್ನೆ ಮುಟ್ಟುವುದಿಲ್ಲ. ಇಲ್ಲಿಯೂ ಹಾಗೆಯೇ: ಬಾಕಿ ಇಳಿದಂತೆ ಕಟ್ಟುವ ಮೊತ್ತವೂ ಇಳಿಯುತ್ತದೆ. ಕೊನೆಯಲ್ಲಿ ಸಾಲವನ್ನು ಸೊನ್ನೆಗೆ ತರುವುದು ಆ 200 ರೂಪಾಯಿಯ ಮಿತಿ.

ಹಾಗಾದರೆ ಮೊತ್ತ ಇಳಿಯಲು ಬಿಡದಿದ್ದರೆ? ಅದೇ 2,000 ಮತ್ತು ಆಯಾ ತಿಂಗಳ ಜಿಎಸ್‌ಟಿಯನ್ನು ಪ್ರತಿ ತಿಂಗಳೂ ತಪ್ಪದೆ ಕಟ್ಟಿದರೆ ಸಾಲ 33 ತಿಂಗಳಲ್ಲಿ ಮುಗಿಯುತ್ತದೆ. ಒಟ್ಟು ಕಟ್ಟುವುದು ಸುಮಾರು 70,000. ಮೊದಲ ತಿಂಗಳ ಹೊರೆ ಎರಡರಲ್ಲೂ ಒಂದೇ; ಉಳಿಯುವುದು 11 ವರ್ಷಕ್ಕೂ ಹೆಚ್ಚು ಸಮಯ ಮತ್ತು ಸುಮಾರು 57,000 ರೂಪಾಯಿ.

ಇನ್ನೊಂದು ಮಾತು ಗಮನಿಸಬೇಕು. ಹಳೆ ಬಾಕಿ ಉಳಿದಿರುವಾಗ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಆದ್ದರಿಂದ ಸಾಲ ತೀರುವವರೆಗೆ ಆ ಕಾರ್ಡಿನಲ್ಲಿ ಖರೀದಿ ನಿಲ್ಲಿಸದಿದ್ದರೆ ಮೇಲಿನ 33 ತಿಂಗಳ ಲೆಕ್ಕ ನಿಲ್ಲುವುದಿಲ್ಲ.

ಮನೆಯಲ್ಲಿ ಯಾರದಾದರೂ ಬಿಲ್ ಇದ್ದರೆ ಹೀಗೆ ನೋಡಿ: ಹಿಂದಿನ ಬಿಲ್ಲಿನ ಬಾಕಿಯಿಂದ ಈ ಬಿಲ್ಲಿನ ಬಾಕಿಯನ್ನು ಕಳೆಯಿರಿ. ಹೊಸ ಖರೀದಿ ಇಲ್ಲದಿದ್ದರೂ ಆ ವ್ಯತ್ಯಾಸ ಕಟ್ಟಿದ ಹಣದ ಮೂರನೇ ಒಂದು ಭಾಗದಷ್ಟೇ ಇದ್ದರೆ, ಅದು ಇದೇ ಉದ್ದದ ದಾರಿ.